ಅರ್ಜಿದಾರ ಯಾರು ಎಂಬ ಪ್ರಶ್ನೆ: ನನ್ನ ಸಿನಾಪ್ಸಿಸ್ ಮಂಡನೆಯ ಅನುಭವ

ನನ್ನ ಪಿಎಚ್.ಡಿ. ವಿಷಯ ತೌಲನಿಕ ಕಾನೂನು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಬಡವರನ್ನು ಎಬ್ಬಿಸುವಾಗ ಭಾರತ ಮತ್ತು ದಕ್ಷಿಣ ಆಫ್ರಿಕಾದ ನ್ಯಾಯಾಲಯಗಳು ಏನು ಮಾಡುತ್ತವೆ ಎಂದು ನೋಡುವ ಆಸೆ ನನಗಿತ್ತು. ಮೊದಲ ಸಿನಾಪ್ಸಿಸ್‌ನಲ್ಲಿ ಎರಡು ತೀರ್ಪುಗಳೇ ಕಂಬಗಳು. ಒಂದು ನಮ್ಮ ಸುಪ್ರೀಂ ಕೋರ್ಟಿನ 1985ರ ಓಲ್ಗಾ ಟೆಲ್ಲಿಸ್, ಇನ್ನೊಂದು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯದ 2000ದ ಗ್ರೂಟ್‌ಬೂಮ್.

ಮಂಡನೆ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಸಮಿತಿಗೆ ಹೊರಗಿನಿಂದ ಬಂದಿದ್ದ ತಜ್ಞರು ಕೇಳಿದರು: "ಈ ಎರಡು ತೀರ್ಪುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆಯಲ್ಲಮ್ಮ. ನಿಮ್ಮ ಪ್ರಬಂಧ ಮುಗಿದ ಮೇಲೆ ನಮಗೆ ಹೊಸದಾಗಿ ಏನು ತಿಳಿಯುತ್ತೆ?" ಕರ್ನಾಟಕದಿಂದ ಯಾರೂ ಇದನ್ನು ಮಾಡಿಲ್ಲ ಸರ್ ಎಂದೆ. "ಊರು ಬದಲಾಯಿಸಿದರೆ ಹೊಸತನ ಬರಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು.

ವಿಧಾನದ ಪ್ರಶ್ನೆ ಇನ್ನೂ ಆಳಕ್ಕೆ ಹೋಯಿತು. ನಾನು 'ಕಾರ್ಯಾತ್ಮಕ ವಿಧಾನ' ಎಂದು ಬರೆದಿದ್ದೆ. ಸಮಸ್ಯೆ ಒಂದೇ, ಅದಕ್ಕೆ ಎರಡು ದೇಶಗಳು ಕೊಡುವ ಪರಿಹಾರವನ್ನು ಹೋಲಿಸುತ್ತೇನೆ ಎಂಬುದು ಅದರ ಸಾರ. "ಸಮಸ್ಯೆ ಒಂದೇ ಅಂತ ನಿಮಗೆ ಹೇಗೆ ಗೊತ್ತು? ಎರಡೂ ಕಡೆ ಕೋರ್ಟಿಗೆ ಹೋಗುವವರು ಯಾರು?" ಎಂದು ಸಮಿತಿಯ ಮೇಡಂ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆರು ವಾರದಲ್ಲಿ ತಿದ್ದಿ ತನ್ನಿ ಎಂದು ಕಳಿಸಿದರು.

ಆ ಪ್ರಶ್ನೆಯನ್ನೇ ಹಿಡಿದು ಕೂತೆ. ದಕ್ಷಿಣ ಆಫ್ರಿಕಾದ ಸಂವಿಧಾನದ 26(3)ನೇ ವಿಧಿಯ ಪ್ರಕಾರ, ಎಲ್ಲ ಸಂದರ್ಭಗಳನ್ನೂ ಪರಿಶೀಲಿಸಿ ನ್ಯಾಯಾಲಯ ಆದೇಶ ಕೊಡದೆ ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ. ಅಂದರೆ ಅಲ್ಲಿ ಜಾಗದ ಒಡೆಯ ಅಥವಾ ನಗರಸಭೆಯೇ ಅರ್ಜಿದಾರ. ಎಬ್ಬಿಸುವ ಮೊದಲೇ ಕೋರ್ಟಿನ ಮುಂದೆ ನಿಲ್ಲಬೇಕು. ನಮ್ಮಲ್ಲಿ, ಉದಾಹರಣೆಗೆ 1974ರ ಕರ್ನಾಟಕದ ಸಾರ್ವಜನಿಕ ಆವರಣಗಳ ಕಾಯ್ದೆಯಡಿ, ಸಕ್ಷಮ ಅಧಿಕಾರಿಯೇ ನೋಟಿಸ್ ಕೊಟ್ಟು ಆದೇಶ ಮಾಡುತ್ತಾರೆ. ರಿಟ್ ಹಾಕಿಕೊಂಡು ಹೈಕೋರ್ಟಿಗೆ ಓಡಬೇಕಾದವರು ನಿವಾಸಿಗಳು, ಅದೂ ಎಷ್ಟೋ ಸಲ ಜೆಸಿಬಿ ಬಂದು ಹೋದ ಮೇಲೆ.

ಒಂದು ಹಾಳೆಯ ನಡುವೆ ಗೆರೆ ಎಳೆದು ಎರಡೂ ಕಡೆ ಅರ್ಜಿದಾರ ಯಾರು, ಯಾವಾಗ ಬಂದ, ಏನು ಕೇಳಿದ ಎಂದು ಬರೆಯುತ್ತಾ ಹೋದೆ. ನನ್ನ ತಪ್ಪು ಕಣ್ಣಿಗೆ ಬಿತ್ತು. ಭಾರತದ ತೀರ್ಪುಗಳಲ್ಲಿ ಸಿಗುವುದು ವಕೀಲರನ್ನು ಹಿಡಿಯಲು ಸಾಧ್ಯವಾದವರ ಕಥೆ ಮಾತ್ರ. ಸುಮ್ಮನೆ ಎದ್ದು ಹೋದವರು ಯಾವ ತೀರ್ಪಿನಲ್ಲೂ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಕಾನೂನಿನಂತೆ ನಡೆದ ಪ್ರತಿ ಎತ್ತಂಗಡಿಗೂ ಒಂದು ಆದೇಶವಿರಬೇಕು, ಆದರೆ ಕೆಳ ನ್ಯಾಯಾಲಯಗಳ ಆದೇಶಗಳು ಹೆಚ್ಚಾಗಿ ಪ್ರಕಟವಾಗುವುದಿಲ್ಲ. ತೀರ್ಪುಗಳನ್ನು ಎಣಿಸಿ ಹೋಲಿಸಿದ್ದರೆ ತೂಕದ ಬಟ್ಟೇ ಬೇರೆ ಬೇರೆಯಾಗುತ್ತಿತ್ತು.

ಹೊಸತನವೂ ಇಲ್ಲಿಂದಲೇ ಸಿಕ್ಕಿತು. ಜೋಹಾನ್ಸ್‌ಬರ್ಗ್‌ನ ಒಲಿವಿಯಾ ರಸ್ತೆ ಪ್ರಕರಣದಲ್ಲಿ ಸಂವಿಧಾನ ನ್ಯಾಯಾಲಯ ನಗರಾಡಳಿತಕ್ಕೆ, ನಿವಾಸಿಗಳ ಜೊತೆ ಅರ್ಥಪೂರ್ಣವಾಗಿ ಮಾತುಕತೆ ನಡೆಸಿ ವರದಿ ಕೊಡಿ ಎಂದಿತು. 2008ರ ತೀರ್ಪಿನಲ್ಲಿ ಆ ತತ್ವ ಗಟ್ಟಿಯಾಯಿತು. ಅದನ್ನೇ ದೆಹಲಿ ಹೈಕೋರ್ಟ್ 2019ರಲ್ಲಿ ಅಜಯ್ ಮಾಕನ್ ಪ್ರಕರಣದಲ್ಲಿ ಎತ್ತಿಕೊಂಡಿತು. ಆದರೆ ಆ ಪ್ರಕರಣ ಹುಟ್ಟಿದ್ದು 2015ರ ಡಿಸೆಂಬರ್‌ನಲ್ಲಿ ಶಕೂರ್ ಬಸ್ತಿಯ ಗುಡಿಸಲುಗಳನ್ನು ಕೆಡವಿದ ಮೇಲೆ. ಅಲ್ಲಿ ಎತ್ತಂಗಡಿಗೆ ಮೊದಲಿನ ಷರತ್ತಾಗಿದ್ದ ಮಾತುಕತೆ, ಇಲ್ಲಿ ಮನೆ ಬಿದ್ದ ಮೇಲೆ ಬಂದ ರಿಟ್ ಅರ್ಜಿಯೊಳಗೆ ಸೇರಿತು. ಅರ್ಜಿದಾರನ ಜಾಗ ಅದಲು ಬದಲಾದಾಗ ಎರವಲು ತಂದ ತತ್ವ ಏನಾಗುತ್ತದೆ? ನನ್ನ ಪ್ರಶ್ನೆ ಇದಾಯಿತು.

ಎರಡನೇ ಮಂಡನೆಯಲ್ಲಿ ಅದೇ ತಜ್ಞರು, "ನಿಮ್ಮ ವಾದ ತಪ್ಪು ಅಂತ ಯಾವಾಗ ಒಪ್ಪುತ್ತೀರಿ?" ಎಂದು ಕೇಳಿದರು. ಇದಕ್ಕೆ ತಯಾರಾಗಿದ್ದೆ. 2019ರ ನಂತರದ ಭಾರತದ ಆದೇಶಗಳಲ್ಲಿ, ಕೆಡವುವ ಮೊದಲೇ ಮಾತುಕತೆಯ ದಾಖಲೆ ಹಾಜರುಪಡಿಸಿ ಎಂದು ಕೋರ್ಟುಗಳು ಅಧಿಕಾರಿಗಳನ್ನು ಕೇಳಿದ್ದು ಮತ್ತೆ ಮತ್ತೆ ಕಂಡರೆ, ಅರ್ಜಿದಾರನ ಸ್ಥಾನ ಮುಖ್ಯವೆಂಬ ನನ್ನ ಊಹೆ ಬಿದ್ದುಹೋಗುತ್ತದೆ ಸರ್ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು.

ಮೇಡಂ ಮಾತ್ರ ಬಿಡಲಿಲ್ಲ. ತೀರ್ಪಾಗದ ಪ್ರಕರಣಗಳನ್ನು ಎಲ್ಲಿಂದ ತರುತ್ತೀರಿ ಎಂದರು. ಬೆಂಗಳೂರು ಮತ್ತು ಜೋಹಾನ್ಸ್‌ಬರ್ಗ್‌ಗೆ ಮಾತ್ರ ಸೀಮಿತವಾಗುತ್ತೇನೆ, ಇಲ್ಲಿಯ ಎತ್ತಂಗಡಿ ನೋಟಿಸ್‌ಗಳನ್ನು ಆರ್‌ಟಿಐನಲ್ಲಿ ಕೇಳುತ್ತೇನೆ, ಸಿಗದೆ ಹೋದ ವರ್ಷಗಳನ್ನು ಖಾಲಿಯೆಂದೇ ತೋರಿಸುತ್ತೇನೆ ಎಂದೆ. ಅಂತರರಾಷ್ಟ್ರೀಯ ಕಾನೂನಿನ ಅಧ್ಯಾಯವನ್ನು ಕೈಬಿಡಬೇಕೆಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಆ ಅಧ್ಯಾಯಕ್ಕೆ ನಾಲ್ಕು ತಿಂಗಳು ಓದಿದ್ದೆ, ಬಿಡುವಾಗ ಸಂಕಟವಾಯಿತು. ಮರುದಿನ ಮೊದಲ ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆ.