ಪುಣೆಯ ಹಾಸ್ಟೆಲ್ ಮೆಸ್ಸಲ್ಲಿ ದಿನಕ್ಕೆ 100 ಗ್ರಾಂ ಪ್ರೋಟೀನ್: ನನ್ನ ಅನುಭವ

ನಾನು ಗದಗಿನವನು, ಓದೋಕೆ ಪುಣೆಗೆ ಬಂದವನು. ತೂಕ 62 ಕೆಜಿ, ಜಿಮ್ಮಿಗೆ ಹೋಗ್ತೀನಿ, ನಿಧಾನವಾಗಿ ತೂಕ ಏರಿಸಬೇಕು. ಕೆಜಿಗೆ 1.6 ಗ್ರಾಂ ಲೆಕ್ಕ ಹಿಡಿದರೆ ದಿನಕ್ಕೆ ಸುಮಾರು 100 ಗ್ರಾಂ ಪ್ರೋಟೀನ್ ಬೇಕು. ಕ್ಯಾಲೊರಿ 2500ರ ಆಸುಪಾಸು. ಹಾಸ್ಟೆಲ್ಲಿನ ಮೆಸ್ ಪೂರ್ತಿ ಸಸ್ಯಾಹಾರಿ. ರೂಮಲ್ಲಿ ಅಡುಗೆ ಮಾಡೋ ಹಾಗಿಲ್ಲ, ಎಲೆಕ್ಟ್ರಿಕ್ ಕೆಟಲ್ ಇಟ್ಟುಕೊಳ್ಳಬಹುದು, ಅಷ್ಟೇ.

ಮೊದಲು ಮಾಡಿದ ಕೆಲಸ, ಮೆಸ್ಸಿನ ತಟ್ಟೆಯಲ್ಲಿ ನಿಜಕ್ಕೂ ಎಷ್ಟಿದೆ ಅಂತ ನೋಡಿದ್ದು. ಅಡುಗೆಮನೆಯ ಸಣ್ಣ ತಕ್ಕಡಿ ತಂದು ಚಪಾತಿ ತೂಗಿದೆ. ಬಡಿಸುವ ಮಾವಶಿ ನಕ್ಕರು, ನಗಲಿ ಬಿಡಿ. ಒಂದು ಚಪಾತಿ 40 ಗ್ರಾಂ ಬಂತು, ಅಂದರೆ ಒಳಗೆ ಸುಮಾರು 28 ಗ್ರಾಂ ಹಿಟ್ಟು, ಅದರಲ್ಲಿ 3 ಗ್ರಾಂ ಪ್ರೋಟೀನ್, 100 ಕ್ಯಾಲೊರಿ. ಆಮೇಲೆ ದಾಲ್. ಎಲ್ಲರೂ "ದಾಲ್ ತಿಂತೀನಿ, ಪ್ರೋಟೀನ್ ಸಿಗುತ್ತೆ" ಅಂತ ನೆಮ್ಮದಿಯಾಗಿರೋದು ಇದನ್ನ ನಂಬಿಕೊಂಡೇ ಅಲ್ವಾ. ಒಂದು ವಾಟಿ ದಾಲನ್ನು ಸ್ಟೀಲ್ ಲೋಟಕ್ಕೆ ಹಾಕಿ ಅರ್ಧ ಗಂಟೆ ಅಲುಗಾಡಿಸದೆ ಇಟ್ಟೆ. ಬೇಳೆ ತಳಕ್ಕೆ ಕೂತಿತು, ಮೇಲಿನ ಅರ್ಧಕ್ಕಿಂತ ಜಾಸ್ತಿ ಬರೀ ಅರಿಶಿನದ ನೀರು. ತೊಗರಿಬೇಳೆಯಲ್ಲಿ 100 ಗ್ರಾಂಗೆ ಹತ್ತಿರ ಹತ್ತಿರ 22 ಗ್ರಾಂ ಪ್ರೋಟೀನ್ ಇದೆ ನಿಜ, ಆದರೆ ಇಷ್ಟು ತೆಳ್ಳಗಿನ ವಾಟಿಯಲ್ಲಿ ಒಣ ಬೇಳೆ ಲೆಕ್ಕಕ್ಕೆ 12-13 ಗ್ರಾಂ ಇದ್ದರೆ ಹೆಚ್ಚು. ಅಂದರೆ 3 ಗ್ರಾಂ ಪ್ರೋಟೀನ್, ಒಂದು ಚಪಾತಿಯಷ್ಟೇ.

ಎಲ್ಲ ಕೂಡಿಸಿದೆ. ಬೆಳಗ್ಗೆ ಒಂದು ತಟ್ಟೆ ಪೋಹೆ, ಮಧ್ಯಾಹ್ನ 4 ಚಪಾತಿ, ಅನ್ನ, ದಾಲ್, ಭಾಜಿ ಅಂದರೆ ಪಲ್ಯ, ರಾತ್ರಿ ಸುಮಾರು ಅದೇ, ನಡುವೆ ಚಹಾ. ಕ್ಯಾಲೊರಿ 2000, ಪ್ರೋಟೀನ್ 48-50 ಗ್ರಾಂ. ಇನ್ನೆರಡು ಚಪಾತಿ ಜಾಸ್ತಿ ತಿಂದರೆ ಕ್ಯಾಲೊರಿಯ ಕೊರತೆ ಹತ್ತಿರ ಹತ್ತಿರ ಅರ್ಧ ತುಂಬುತ್ತೆ, ಪ್ರೋಟೀನಿಗೆ ಸೇರೋದು ಬರೀ 6 ಗ್ರಾಂ. ಹಾಗಾಗಿ ಮೆಸ್ ಊಟವನ್ನು ಹಾಗೇ ಬಿಟ್ಟು, ಪ್ರೋಟೀನ್ ದಟ್ಟವಾಗಿರೋದನ್ನ ಮಾತ್ರ ಹೊರಗಿಂದ ಸೇರಿಸಿದೆ.

ಅರ್ಧ ಲೀಟರ್ ಟೋನ್ಡ್ ಹಾಲು: 15 ಗ್ರಾಂ ಪ್ರೋಟೀನ್, 290 ಕ್ಯಾಲೊರಿ. ಫ್ರಿಜ್ ಇಲ್ಲ, ಅದಕ್ಕೆ ಪ್ಯಾಕೆಟ್ ತಂದ ತಕ್ಷಣ ಅರ್ಧ ಕುಡಿದು, ಉಳಿದದ್ದಕ್ಕೆ ಪೋಹೆ ಆದಮೇಲೆ ಗತಿ ಕಾಣಿಸ್ತೀನಿ. ಸಂಜೆ ಜಿಮ್ಮಿಗೆ ಹೋಗುವ ಮೊದಲು 50 ಗ್ರಾಂ ಹುರಿದ ಕಡಲೆ, ಸಿಪ್ಪೆ ಸಮೇತ: 10 ಗ್ರಾಂ ಪ್ರೋಟೀನ್, 185 ಕ್ಯಾಲೊರಿ. ಇಲ್ಲಿನ ಅಂಗಡಿಯಲ್ಲಿ ಫುಟಾಣೆ ಅಂತ ಕೇಳಬೇಕು.

ದೊಡ್ಡ ಪಾಲು ಸೋಯಾ ಚಂಕ್ಸ್‌ದು. ಒಣಗಿದ್ದು 40 ಗ್ರಾಂ ತೂಗಿದರೆ 20 ಗ್ರಾಂ ಪ್ರೋಟೀನ್, ಕ್ಯಾಲೊರಿ 140 ಕೂಡ ಇಲ್ಲ. ಇದನ್ನ ಕೆಟಲ್ ಒಳಗೇ ಹಾಕಿ ಕುದಿಸಬೇಡಿ, ನೊರೆ ಉಕ್ಕಿ ಕೆಳಗಿನ ಪ್ಲೇಟಿಗೆ ಇಳಿಯುತ್ತೆ, ಆಮೇಲೆ ಚಹಾಕ್ಕೂ ಅದೇ ವಾಸನೆ. ಸಣ್ಣ ಸೈಜಿನದು ತಗೊಂಡು ಸ್ಟೀಲ್ ಡಬ್ಬಿಗೆ ಹಾಕಿ, ಚಿಟಿಕೆ ಉಪ್ಪು ಸೇರಿಸಿ, ಕುದಿಯುವ ನೀರು ಸುರಿದು ಮುಚ್ಚಳ ಹಾಕಿ 15 ನಿಮಿಷ ಬಿಡಬೇಕು. ನೀರು ಚೆಲ್ಲಿ, ತಣ್ಣೀರಲ್ಲಿ ತೊಳೆದು, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಇನ್ನೊಮ್ಮೆ ತೊಳೆದು ಹಿಂಡಬೇಕು. ಎರಡನೇ ಸಲ ನೀರು ತಿಳಿಯಾಗಿ ಬಂದರೆ ಹಸಿ ವಾಸನೆ ಹೋಗಿದೆ ಅಂತ ಲೆಕ್ಕ. ಡಬ್ಬಿಯನ್ನ ಮೆಸ್ಸಿಗೆ ಒಯ್ದು ಕಾಳಿನ ಉಸಳಿನ ಖಾರ ರಸ್ಸಾದಲ್ಲಿ ಮುಳುಗಿಸಿ ಐದು ನಿಮಿಷ ಬಿಟ್ಟರೆ ರುಚಿ ಪೂರ್ತಿ ಹೀರಿಕೊಳ್ಳುತ್ತೆ. ಒಣ ಭಾಜಿ ಇದ್ದ ದಿನ ಮಾತ್ರ ಇದು ಸಪ್ಪೆ ಸಪ್ಪೆ, ಆವತ್ತಿಗೆ ಉಪ್ಪಿನಕಾಯಿ. ಬೇಗ ಗುರಿ ಮುಟ್ಟಲಿ ಅಂತ ಒಮ್ಮೆಲೇ 80 ಗ್ರಾಂ ತಿನ್ನೋಕೆ ಹೋದರೆ ಹೊಟ್ಟೆ ಉಬ್ಬರಿಸಿ ಲೆಕ್ಚರ್‌ನಲ್ಲಿ ಕೂರೋದು ಕಷ್ಟ. ಮೊದಲ ವಾರ 20 ಗ್ರಾಂ ಸಾಕು.

ಉಳಿದ 5-7 ಗ್ರಾಂ ಎಲ್ಲಿಂದ? ಅದೇ ದಾಲ್. "ಮಾವಶಿ, ಖಾಲೂನ್ ದ್ಯಾ", ತಳದಿಂದ ಕೊಡಿ, ಅಂದರೆ ಸೌಟು ತಳಕ್ಕೆ ಹೋಗುತ್ತೆ. ಎರಡು ಹೊತ್ತೂ ಒಂದೊಂದು ಗಟ್ಟಿ ವಾಟಿ ಸಿಕ್ಕರೆ ಆಯ್ತು.

ಕ್ಯಾಲೊರಿ ಈಗ 2600 ಮುಟ್ಟುತ್ತೆ, ಆದರೆ ಆ ಅಂಕಿಯನ್ನ ನಾನು ಪೂರ್ತಿ ನಂಬಲ್ಲ. ಭಾಜಿಗೆ ಎಷ್ಟು ಎಣ್ಣೆ ಬಿದ್ದಿದೆ ಅಂತ ಯಾರಿಗೆ ಗೊತ್ತು? ಒಂದು ದೊಡ್ಡ ಚಮಚ ಎಣ್ಣೆ ಆಚೀಚೆ ಆದರೆ 100 ಕ್ಯಾಲೊರಿಗೂ ಮೇಲೆ ಹೋಯ್ತು. ಅದಕ್ಕೆ ದಿನಾ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ತೂಕ ನೋಡಿ ವಾರದ ಸರಾಸರಿ ತೆಗೀತೀನಿ. ವಾರಕ್ಕೆ ಕಾಲು ಕೆಜಿ ಏರಿದರೆ ಸರಿ. ಎರಡು ವಾರ ನಿಂತಲ್ಲೇ ನಿಂತರೆ ಒಂದು ಮುಷ್ಟಿ ಶೇಂಗಾ, ಜಾಸ್ತಿ ಏರಿದರೆ ರಾತ್ರಿಯ ಅನ್ನ ಕಟ್.

ಭಾನುವಾರದ ಕಥೆಯೇ ಬೇರೆ. ಮಧ್ಯಾಹ್ನ ಫೀಸ್ಟ್, ಪೂರಿ, ಶ್ರೀಖಂಡ, ಮಸಾಲೆ ಭಾತ್, ಕ್ಯಾಲೊರಿ ಬೇಕಾದಷ್ಟು, ಪ್ರೋಟೀನ್ ಅಷ್ಟಕ್ಕಷ್ಟೇ. ರಾತ್ರಿ ಮೆಸ್ ಬಂದ್. ಆಗ ಗಾಡಿಯಲ್ಲಿ ಮೂರು ಮೊಟ್ಟೆಯ ಬುರ್ಜಿ, ಎರಡು ಪಾವ್. 20 ಗ್ರಾಂ ಮೇಲೆಯೇ ಬರುತ್ತೆ, ಆವತ್ತು ಸೋಯಾಗೆ ರಜೆ.