ಎರಡನೆಯ ಜನಕವನ್ನು ಹುಡುಕಿದ ಬಗೆ

ರ‍್ಯಾಷನಲ್ ಕ್ಯಾನೊನಿಕಲ್ ರೂಪದ ಪ್ರಮೇಯವನ್ನು ಓದಿ ಮುಗಿಸಿದ ಮೇಲೂ ಅದನ್ನು ಕೈಯಾರೆ ಒಂದು ಮಾತೃಕೆಗೆ ಅನ್ವಯಿಸದೆ ನನಗೆ ಸಮಾಧಾನವಾಗಲಿಲ್ಲ. ಹಾಗಾಗಿ ಈ ಮಾತೃಕೆಯನ್ನು ಆರಿಸಿಕೊಂಡೆ:

```
A = [2 1 1]
    [1 2 1]
    [1 1 2]
```

ಭಾಗಲಬ್ಧ ಸಂಖ್ಯೆಗಳ ಮೇಲಿನ ಮೂರು ಆಯಾಮದ ಸದಿಶಗಳಲ್ಲಿ xv ಎಂದರೆ Av ಎಂದು ಗೊತ್ತುಮಾಡಿಕೊಂಡರೆ, ಯಾವ ಬಹುಪದೋಕ್ತಿಯಿಂದ ಬೇಕಾದರೂ ಸದಿಶವನ್ನು ಗುಣಿಸಬಹುದು. ಸದಿಶ ಅವಕಾಶವು ಬಹುಪದೋಕ್ತಿಗಳ ಮೇಲಿನ ಮಾಡ್ಯೂಲ್ ಆಗುವುದು ಹೀಗೆ. ಆಗ A ಯ ಮೊದಲ ಕಂಬಸಾಲು xe₁ = 2e₁ + e₂ + e₃ ಎಂಬ ಸಂಬಂಧವಾಗುತ್ತದೆ; ಅಂದರೆ e₃ = (x−2)e₁ − e₂. ಆಯಾಮ ಮೂರಾದರೂ ಮಾಡ್ಯೂಲಿಗೆ e₁, e₂ ಎಂಬ ಎರಡೇ ಜನಕಗಳು ಸಾಕು.

e₁ ನಿಂದ ಆರಂಭಿಸಿದೆ. Ae₁ = (2,1,1), A²e₁ = (6,5,5); ಇದು 5Ae₁ − 4e₁ ಗೆ ಸಮ. ಆದ್ದರಿಂದ e₁ ಅನ್ನು ಸೊನ್ನೆಯಾಗಿಸುವ ಅತಿ ಕಡಿಮೆ ಘಾತದ ಬಹುಪದೋಕ್ತಿ x² − 5x + 4, ಅಂದರೆ (x−1)(x−4).

ನಾನು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. e₁ ನಿಂದ ಹುಟ್ಟುವ ಭಾಗವನ್ನು ಮಾಡ್ಯೂಲಿನ ಮೊದಲ ತುಂಡೆಂದು ಎಣಿಸಿ, e₂ ವನ್ನೇ ಎರಡನೆಯ ತುಂಡಿನ ಜನಕವೆಂದು ಇಟ್ಟುಕೊಂಡೆ; ಅದನ್ನು ಸೊನ್ನೆಯಾಗಿಸುವುದೂ ಅದೇ ಬಹುಪದೋಕ್ತಿ. ಎರಡು ತುಂಡುಗಳ ಘಾತಗಳನ್ನು ಕೂಡಿದಾಗ ನಾಲ್ಕು ಬಂದಿತು, ಆದರೆ ಆಯಾಮವಿರುವುದು ಮೂರೇ. ತುಂಡುಗಳು ಒಂದರ ಮೇಲೊಂದು ಬಿದ್ದಿವೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಎಲ್ಲಿ ಬಿದ್ದಿವೆ ಎಂದು ನೋಡಿದರೆ, (x−1)e₁ ಮತ್ತು (x−1)e₂ ಎರಡೂ (1,1,1) ಎಂಬ ಒಂದೇ ಸದಿಶ. ಆ ಹೊಂದಿಕೆಯಲ್ಲೇ ಪರಿಹಾರವೂ ಇತ್ತು: f = e₂ − e₁ ಎಂದು ತೆಗೆದುಕೊಂಡರೆ (x−1)f = 0. ಈಗ ಘಾತಗಳ ಮೊತ್ತ 1 + 2 = 3, ಮತ್ತು ಪ್ರಮೇಯ ಕೇಳುವಂತೆಯೇ x−1 ಎಂಬುದು (x−1)(x−4) ಅನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಮೊತ್ತ ಸರಿಹೋದ ಮಾತ್ರಕ್ಕೆ ತುಂಡುಗಳು ಬೇರೆಯಾದವೆಂದು ನಂಬಬಾರದಾದ್ದರಿಂದ f, e₁, Ae₁ ಗಳನ್ನು ಕಂಬಸಾಲುಗಳಾಗಿ ಬರೆದು ನಿರ್ಧಾರಕವನ್ನೂ ಲೆಕ್ಕಹಾಕಿದೆ; ಅದು −1. ಈ ಆಧಾರದಲ್ಲಿ A ಯ ರೂಪ:

```
[1 0  0]
[0 0 -4]
[0 1  5]
```

A ಯ ಐಗನ್ ಮೌಲ್ಯಗಳು 1, 1, 4. ಭಾಗಲಬ್ಧ ಸಂಖ್ಯೆಗಳ ಮೇಲೆ ಇದನ್ನು ಕರ್ಣರೂಪಕ್ಕೇ ತರಬಹುದಲ್ಲ, ಇಷ್ಟೆಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ನನಗೂ ಆ ಸಂದೇಹ ಬಂದು, ಅದೇ ಲೆಕ್ಕವನ್ನು ಮಾಡ್ಯುಲೋ 3 ರಲ್ಲಿ ಮತ್ತೆ ನೋಡಿದೆ. ಅಲ್ಲಿ 4 ಮತ್ತು 1 ಒಂದೇ ಆಗಿ ಬಹುಪದೋಕ್ತಿ (x−1)² ಆಗುತ್ತದೆ, ಕರ್ಣರೂಪ ಸಿಗುವುದೇ ಇಲ್ಲ. ಆದರೆ ಮೇಲಿನ ಹೆಜ್ಜೆಗಳಲ್ಲಿ ನಾನು ಎಲ್ಲಿಯೂ ಯಾವ ಸಂಖ್ಯೆಯಿಂದಲೂ ಭಾಗಿಸಿರಲಿಲ್ಲ, ನಿರ್ಧಾರಕವೂ −1 ಆಗಿತ್ತು. ಆದ್ದರಿಂದ ಅದೇ ಜನಕಗಳು, ಅದೇ ಆಧಾರ, −4 ಮತ್ತು 5 ಗಳ ಬದಲು ಎರಡೂ ಕಡೆ 2 ಎಂದು ಓದಿಕೊಂಡ ಅದೇ ಮಾತೃಕೆ ಅಲ್ಲಿಯೂ ಸರಿಯಾಗಿ ನಿಂತಿತು.