ಇಂಪೆಟಿಗೊ: ಮುಲಾಮು ಹಚ್ಚಬೇಕಾದದ್ದು ಹಕ್ಕಳೆಯ ಮೇಲಲ್ಲ

ಶಾಲೆಗೆ ಹೋಗುವ ಮಗುವಿನ ಮೂಗಿನ ಕೆಳಗೋ ಬಾಯಿಯ ಅಂಚಿನಲ್ಲೋ ಹಸಿ ಹುಣ್ಣಾಗಿ, ಅದರ ಮೇಲೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿದ್ದರೆ ಅದು ಬಹುಪಾಲು ಇಂಪೆಟಿಗೊ. ಸ್ಟೆಫೈಲೊಕಾಕಸ್ ಆರಿಯಸ್, ಸ್ಟ್ರೆಪ್ಟೊಕಾಕಸ್ ಪಯೋಜೆನೆಸ್ ಎಂಬ ಎರಡು ಬ್ಯಾಕ್ಟೀರಿಯಾಗಳಲ್ಲಿ ಒಂದು, ಕೆಲವೊಮ್ಮೆ ಎರಡೂ, ಇದಕ್ಕೆ ಕಾರಣ. ಸೋಂಕು ಚರ್ಮದ ತೀರಾ ಮೇಲಿನ ಪದರದಲ್ಲೇ ಇರುವುದರಿಂದ ಹಚ್ಚುವ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ, ಕಲೆಯೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಹೀಗಿದ್ದೂ "ಡಾಕ್ಟ್ರೇ, ಮುಲಾಮು ಹಚ್ತಾನೇ ಇದೀವಿ, ಕಡಿಮೆ ಆಗ್ತಿಲ್ಲ" ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಆಗ ನಾನು ಔಷಧಿ ಬದಲಿಸುವುದಿಲ್ಲ. ಹೇಗೆ ಹಚ್ಚುತ್ತಿದ್ದೀರಿ ತೋರಿಸಿ ಎನ್ನುತ್ತೇನೆ. ಹೆಚ್ಚಿನವರು ಒಣಗಿದ ಹಕ್ಕಳೆಯ ಮೇಲೆಯೇ ಹಚ್ಚಿ ತೋರಿಸುತ್ತಾರೆ.

ಒಂದೇ ಮನೆಯ ಇಬ್ಬರು ಮಕ್ಕಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದೊಡ್ಡವನಿಗೆ ಏಳು ವರ್ಷ, ಮೂಗಿನ ಕೆಳಗೆ ಎರಡು, ಗಲ್ಲದ ಮೇಲೆ ಒಂದು ಹುಣ್ಣು, ಜ್ವರವಿಲ್ಲ. ತಂಗಿಗೆ ನಾಲ್ಕು ವರ್ಷ, ತೂಕ 15 ಕೆ.ಜಿ. ಅವಳಿಗೆ ಎರಡೂ ಕಾಲು, ತೊಡೆ, ಮೊಣಕೈ ಸೇರಿ ಹತ್ತಕ್ಕೂ ಹೆಚ್ಚು ಹುಣ್ಣು, ತೊಡೆಸಂದಿಯಲ್ಲಿ ಗಂಟು, ಮೈ ಬಿಸಿ. ಕಾಯಿಲೆ ಒಂದೇ ಆದರೂ ಅಣ್ಣನಿಗೆ ಮುಲಾಮು ಸಾಕು, ತಂಗಿಗೆ ಬಾಯಿಯ ಮೂಲಕವೇ ಆಂಟಿಬಯೋಟಿಕ್ ಕೊಡಬೇಕು.

ಅಣ್ಣನಿಗೆ ಕೊಡುವುದು 2 ಶೇಕಡಾ ಮುಪಿರೋಸಿನ್, ದಿನಕ್ಕೆ ಮೂರು ಸಲ, ಐದು ದಿನ. ಹಚ್ಚುವ ಮೊದಲು ಒಗೆದ ಹತ್ತಿಬಟ್ಟೆಯನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಅದ್ದಿ ಹುಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡಬೇಕು. ಹಕ್ಕಳೆ ನೆನೆದು ಮೆತ್ತಗಾಗಿ ಅಂಚು ಎದ್ದಾಗ ಮೆಲ್ಲಗೆ ಒರೆಸಿದರೆ ತಾನಾಗಿಯೇ ಬರುತ್ತದೆ. ಬಾರದಿದ್ದರೆ ಮತ್ತೆ ನೆನೆಸಬೇಕು, ಕಿತ್ತು ರಕ್ತ ಬರಿಸಬಾರದು. ಕೆಳಗೆ ಕಾಣುವ ಕೆಂಪಗಿನ ಹಸಿ ಚರ್ಮವೇ ಮುಲಾಮು ತಲುಪಬೇಕಾದ ಜಾಗ. ಅದನ್ನು ಒತ್ತಿ ಒಣಗಿಸಿ, ಹುಣ್ಣನ್ನೂ ಅದರ ಸುತ್ತಲಿನ ಸ್ವಲ್ಪ ಚರ್ಮವನ್ನೂ ಮುಚ್ಚುವಷ್ಟು ತೆಳುವಾಗಿ ಹಚ್ಚಿದರೆ ಸಾಕು. ದಪ್ಪಗೆ ಬಳಿದರೆ ಬೇಗ ವಾಸಿಯಾಗುವುದಿಲ್ಲ, ಬಟ್ಟೆಗೆ ಅಂಟುತ್ತದೆ ಅಷ್ಟೇ. ಟ್ಯೂಬಿನ ಬಾಯಿ ಹುಣ್ಣಿಗೆ ತಾಗಬಾರದು. ಹತ್ತಿಕಡ್ಡಿಯ ಮೇಲೆ ಹಿಂಡಿಕೊಂಡು ಹಚ್ಚಿ, ಕಡ್ಡಿಯನ್ನು ಎಸೆದು, ಕೈ ತೊಳೆಯಬೇಕು. ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು.

ಮುಪಿರೋಸಿನ್ ಜೊತೆಗೆ ಬೇರೆ ಕ್ರೀಮ್ ಬೆರೆಸಬಾರದು, ಬೆರೆಸಿದರೆ ಔಷಧಿ ತೆಳುವಾಗುತ್ತದೆ. ಸ್ಟಿರಾಯ್ಡ್ ಸೇರಿದ ಮಿಶ್ರಣದ ಮುಲಾಮುಗಳ ಬಗ್ಗೆ ನನಗೆ ಹೆಚ್ಚು ಆತಂಕ. ಕೆಂಪು, ತುರಿಕೆ ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಸೋಂಕು ಹರಡುತ್ತಿರುತ್ತದೆ. ಟ್ಯೂಬಿನ ಮೇಲೆ ಮುಪಿರೋಸಿನ್ ಜೊತೆ ಇನ್ನೊಂದು ಹೆಸರಿದ್ದರೆ ಹಚ್ಚುವ ಮುನ್ನ ಕೇಳಿ ತಿಳಿದುಕೊಳ್ಳಿ. ಉಳಿದ ಟ್ಯೂಬನ್ನು ಎತ್ತಿಟ್ಟು ತಿಂಗಳುಗಟ್ಟಲೆ ಪ್ರತಿ ಗೀರು ಗಾಯಕ್ಕೂ ಹಚ್ಚುವುದರಿಂದಲೇ ಬ್ಯಾಕ್ಟೀರಿಯಾ ಈ ಔಷಧಿಗೆ ಮಣಿಯದಂತಾಗುವುದು.

ತಂಗಿಗೆ ಇದೇ ದಾರಿ ಏಕಲ್ಲ? ಹತ್ತು ಜಾಗದ ಹಕ್ಕಳೆಯನ್ನು ದಿನಕ್ಕೆ ಮೂರು ಸಲ ನೆನೆಸಿ ತೆಗೆಯುವುದು ಯಾವ ಮನೆಯಲ್ಲೂ ನಡೆಯುವ ಮಾತಲ್ಲ. ಜೊತೆಗೆ ಜ್ವರ, ಗಂಟು ಇವೆ. ದೊಡ್ಡ ನೀರುಗುಳ್ಳೆಗಳೆದ್ದು ಒಡೆಯುವ ಬಗೆಯ ಇಂಪೆಟಿಗೊಗೂ, ಒಂದೇ ತರಗತಿಯ ಹಲವು ಮಕ್ಕಳಿಗೆ ಒಟ್ಟಿಗೆ ಬಂದಾಗಲೂ ನಾನು ಬಾಯಿಯ ಔಷಧಿಯ ಕಡೆಗೇ ವಾಲುತ್ತೇನೆ. ಸಾಮಾನ್ಯ ಆಯ್ಕೆ ಸೆಫಲೆಕ್ಸಿನ್, ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 25ರಿಂದ 50 ಮಿ.ಗ್ರಾಂ, ಮೂರು ಅಥವಾ ನಾಲ್ಕು ಪಾಲಾಗಿ, ಏಳು ದಿನ. 40 ಮಿ.ಗ್ರಾಂ ಲೆಕ್ಕ ಹಿಡಿದರೆ ಈ 15 ಕೆ.ಜಿ. ಮಗುವಿಗೆ ದಿನಕ್ಕೆ 600, ಅಂದರೆ ಸಲಕ್ಕೆ 200 ಮಿ.ಗ್ರಾಂನಂತೆ ಮೂರು ಸಲ. 5 ಮಿ.ಲೀ.ಗೆ 125 ಮಿ.ಗ್ರಾಂ ಇರುವ ಸಿರಪ್ ಆದರೆ 8 ಮಿ.ಲೀ., 250 ಇರುವುದಾದರೆ 4 ಮಿ.ಲೀ. ಬಾಟಲಿಯ ಶಕ್ತಿ ನೋಡದೆ "ಇಷ್ಟು ಮಿ.ಲೀ." ಎಂದಷ್ಟೇ ನೆನಪಿಟ್ಟುಕೊಂಡರೆ ಪ್ರಮಾಣ ಅರ್ಧವಾಗುತ್ತದೆ ಇಲ್ಲವೇ ದುಪ್ಪಟ್ಟಾಗುತ್ತದೆ. ಮೊದಲನೆಯ ಸಿರಪ್ ಏಳು ದಿನಕ್ಕೆ 168 ಮಿ.ಲೀ. ಬೇಕು, ಆದ್ದರಿಂದ ಎಷ್ಟು ಬಾಟಲಿ ಎಂದು ಚೀಟಿ ಬರೆಯುವಾಗಲೇ ಲೆಕ್ಕ ಹಾಕುತ್ತೇನೆ. ಬಾಟಲಿ ಮುಗಿದ ದಿನವೇ ಚಿಕಿತ್ಸೆ ಮುಗಿಯಿತು ಎಂದುಕೊಳ್ಳುವವರು ಬಹಳ ಜನ. ಬರೀ ಅಮಾಕ್ಸಿಸಿಲಿನ್ ಇಲ್ಲಿ ನೆಚ್ಚಿಕೊಳ್ಳುವ ಔಷಧಿಯಲ್ಲ, ಸ್ಟೆಫೈಲೊಕಾಕಸ್ ಅದನ್ನು ಒಡೆದುಹಾಕುವ ಕಿಣ್ವವನ್ನು ತಯಾರಿಸುತ್ತದೆ. ಮಗುವಿಗೆ ಹಿಂದೆ ಪೆನಿಸಿಲಿನ್ ಗುಂಪಿನ ಔಷಧಿಯಿಂದ ಮೈ ದದ್ದು, ಉಬ್ಬಸ ಆಗಿದ್ದರೆ ಮೊದಲೇ ಹೇಳಬೇಕು; ಆಗ ಬೇರೆ ಔಷಧಿ ಆರಿಸಬೇಕಾಗಬಹುದು.

ಇನ್ನು ಮನೆ. ಸೋಂಕು ಸಾಗುವುದು ಮುಖ್ಯವಾಗಿ ಬೆರಳು ಮತ್ತು ಟವೆಲಿನಿಂದ. ಅಣ್ಣ ಮುಖ ಒರೆಸಿದ ಟವೆಲಿನಲ್ಲಿ ತಂಗಿ ಕಾಲು ಒರೆಸಿಕೊಂಡರೆ, ಅವಳ ಕಾಲಿನ ಸೊಳ್ಳೆ ಕಡಿತವೇ ಸೋಂಕಿಗೆ ಬಾಗಿಲು. ಅವಳು ಅದನ್ನು ಕೆರೆದು, ಅದೇ ಉಗುರಿನಿಂದ ಮೊಣಕೈ ಕೆರೆದುಕೊಂಡರೆ ಅಲ್ಲೊಂದು ಹೊಸ ಹುಣ್ಣು. ಹಾಗಾಗಿ ಮೊದಲ ಕೆಲಸ ಇಬ್ಬರ ಉಗುರನ್ನೂ ಗಿಡ್ಡಕ್ಕೆ ಕತ್ತರಿಸುವುದು. ಪ್ರತಿಯೊಬ್ಬರಿಗೂ ಬೇರೆ ಬಣ್ಣದ ಟವೆಲ್ ಕೊಟ್ಟು ಬೇರೆ ಬೇರೆ ಗೂಟಕ್ಕೆ ನೇತುಹಾಕಿದರೆ ಅದಲುಬದಲಾಗುವುದಿಲ್ಲ. ಟವೆಲ್, ದಿಂಬಿನ ಹೊದಿಕೆ, ಒಳಉಡುಪುಗಳನ್ನು ದಿನವೂ ಬಿಸಿನೀರಿನಲ್ಲಿ, ಸಾಧ್ಯವಾದರೆ 60 ಡಿಗ್ರಿಯಲ್ಲಿ, ಒಗೆದು ಪೂರ್ತಿ ಒಣಗಿಸಬೇಕು. ವಾಸಿಯಾಗುವವರೆಗೆ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗದಿದ್ದರೆ ಒಳ್ಳೆಯದು. ಕೈಕಾಲಿನ ಹುಣ್ಣಿಗೆ ಗಾಜ್ ಬಟ್ಟೆ ಕಟ್ಟಬಹುದು. ಬಾಯಿಯ ಸುತ್ತ ಅದು ನಿಲ್ಲುವುದಿಲ್ಲ, ಅಲ್ಲಿ ಕೈ ತೊಳೆಯುವುದನ್ನೇ ನೆಚ್ಚಿಕೊಳ್ಳಬೇಕು. ಮನೆಯ ನೆಲಕ್ಕೆಲ್ಲ ಔಷಧಿ ಹೊಡೆಯುವ ಅಗತ್ಯ ನನಗೆ ಕಂಡಿಲ್ಲ.

ಚಿಕಿತ್ಸೆ ಶುರುವಾಗಿ 24 ಗಂಟೆ ಕಳೆದ ಮೇಲೆ, ಹುಣ್ಣು ಮುಚ್ಚಿಕೊಂಡು ಶಾಲೆಗೆ ಹೋಗಬಹುದು. ಕೆಲವು ದೇಶಗಳ ನಿಯಮದಲ್ಲಿ ಇದು 48 ಗಂಟೆ. ಮುಚ್ಚಲಾಗದ ಹುಣ್ಣು ಇನ್ನೂ ಜಿನುಗುತ್ತಿದ್ದರೆ ಒಣಗುವವರೆಗೆ ಮನೆಯಲ್ಲಿರಲಿ.

ಮೂರನೆಯ ದಿನ ನಾನು ನೋಡುವುದು ಎರಡನ್ನು: ಹೊಸ ಹುಣ್ಣು ನಿಂತಿದೆಯೇ, ಹಳೆಯದು ಜಿನುಗುವುದು ಕಡಿಮೆಯಾಗಿದೆಯೇ. ಸರಿಯಾಗಿ ಹಚ್ಚಿಯೂ, ಕುಡಿಸಿಯೂ ಇವೆರಡೂ ಆಗದಿದ್ದರೆ ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸುತ್ತೇನೆ. ಸೆಫಲೆಕ್ಸಿನ್‌ಗೆ ಮಣಿಯದ, ಎಂಆರ್‌ಎಸ್‌ಎ ಎಂಬ ಬಗೆಯ ಸ್ಟೆಫೈಲೊಕಾಕಸ್ ಇದ್ದರೆ ಔಷಧಿಯನ್ನೇ ಬದಲಿಸಬೇಕಾಗುತ್ತದೆ. ಅದಕ್ಕೂ ಮುಂಚೆ ಬೆರಳ ಸಂದುಗಳನ್ನು ನೋಡುತ್ತೇನೆ. ಅಲ್ಲಿ ಸಣ್ಣ ಗುಳ್ಳೆಗಳಿದ್ದು, ರಾತ್ರಿ ತುರಿಕೆ ಹೆಚ್ಚಿ, ಮನೆಯವರೂ ಕೆರೆದುಕೊಳ್ಳುತ್ತಿದ್ದರೆ ಕೆಳಗಿರುವುದು ತುರಿಕಜ್ಜಿ. ಮನೆಮಂದಿಗೆಲ್ಲ ಒಟ್ಟಿಗೆ ಅದರ ಔಷಧಿ ಆಗದೆ ಇಂಪೆಟಿಗೊ ಮರಳಿ ಬರುತ್ತಲೇ ಇರುತ್ತದೆ. ಕಣ್ಣಿನ ಸುತ್ತ ಊತ, ವೇಗವಾಗಿ ಹರಡುವ ನೋವಿನ ಕೆಂಪು, ಮಂಕಾಗಿ ಮಲಗಿರುವ ಮಗು ಇದ್ದರೆ ಮೂರನೆಯ ದಿನಕ್ಕೆ ಕಾಯದೆ ಅಂದೇ ಕರೆತರಬೇಕು.

ಹುಣ್ಣು ಮಾಯ್ದ ಮೇಲೂ ಒಂದನ್ನು ಗಮನಿಸಲು ಹೇಳುತ್ತೇನೆ. ಸ್ಟ್ರೆಪ್ಟೊಕಾಕಸ್‌ನಿಂದ ಬಂದ ಇಂಪೆಟಿಗೊ ಆದ ಕೆಲವು ವಾರಗಳ ನಂತರ ಅಪರೂಪಕ್ಕೆ ಮೂತ್ರಪಿಂಡ ಊದಿಕೊಳ್ಳಬಹುದು, ಆಂಟಿಬಯೋಟಿಕ್ ಪೂರ್ತಿ ಕೊಟ್ಟಿದ್ದರೂ ಅದು ಬರುವುದಿಲ್ಲವೆಂಬ ಖಾತ್ರಿಯಿಲ್ಲ. ಬೆಳಗ್ಗೆ ಎದ್ದಾಗ ಮುಖ ಊದಿದ್ದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಕಡಿಮೆಯಾಗಿದ್ದರೆ ಅದೇ ದಿನ ಮೂತ್ರ ಪರೀಕ್ಷೆ ಮಾಡಿಸಿ, ರಕ್ತದೊತ್ತಡ ನೋಡಿಸಬೇಕು.